ಆರುನೂರಕ್ಕೆ ಹನ್ನೆರಡು ಕಮ್ಮಿ

ಮಂಗಳವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಣಿಕೆ ಅಕ್ಕ ಕಂಪ್ಯೂಟರ್ ಅಂಗಡಿಯ ಬೆಂಚಿನ ಮೇಲೆ ಕೂತು, ತೊಡೆಯ ಮೇಲಿದ್ದ ಹಾಳೆಯ ಕೊನೆಯ ಸಾಲಿಗೆ ಪೆನ್ಸಿಲ್ ತುದಿಯಿಂದ ಚುಕ್ಕೆ ಇಡುತ್ತಿದ್ದಳು. ಅಕ್ಷರಕ್ಕೊಂದು ಚುಕ್ಕೆ, ಹತ್ತು ಚುಕ್ಕೆಗೊಂದು ಅಡ್ಡಗೆರೆ, ನೂರಕ್ಕೊಂದು ಸುತ್ತು. ಐದು ಸುತ್ತು ಆಗಲೇ ಮುಗಿದಿದ್ದವು. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿ ಹಾಳೆಯ ಕಡೆ ನೋಡದಿರಲು ಪ್ರಯತ್ನಪಟ್ಟು ಗೋಡೆಯ ಗಡಿಯಾರ ನೋಡುತ್ತಿದ್ದರು. ಹಾಳೆಯಲ್ಲಿದ್ದದ್ದು ಅವರ ಬಗ್ಗೆಯೇ. ಅದನ್ನು ಅವರು ಓದಕೂಡದು ಅಂತ ಅಕ್ಕನ ಅಪ್ಪಣೆಯಾಗಿತ್ತು.

"ಎದುರಿಗೇ ಹೊಗಳಿದರೆ ನಿಮಗೂ ನಾಚಿಕೆ, ನನಗೂ ನಾಚಿಕೆ. ಕೆಲಸ ಸಿಕ್ಕಿದ ಮೇಲೆ ಓದಿಕೊಳ್ಳಿ," ಅಂದಿದ್ದಳು.

ಅಕ್ಕನಿಗೆ ಈ ಹೆಸರು ಬಂದದ್ದು ಪತ್ರಿಕಾ ಕಚೇರಿಯಲ್ಲಿ. ಮೂವತ್ತೊಂದು ವರ್ಷ ಅಲ್ಲಿ ಕರಡು ತಿದ್ದಿದವಳು. ತಿದ್ದುವುದು ಅರ್ಧ ಕೆಲಸವಾದರೆ ಎಣಿಸುವುದು ಇನ್ನರ್ಧ. ಒಂದು ಅಂಕಣದ ತಲೆಬರಹಕ್ಕೆ ಐದು ಅಕ್ಷರ, ಎರಡು ಅಂಕಣಕ್ಕೆ ಹನ್ನೊಂದು, ಮೂರಕ್ಕೆ ಹದಿನೇಳು. ಒಂದು ಅಕ್ಷರ ಹೆಚ್ಚಾದರೂ ತಲೆಬರಹ ಪಕ್ಕದ ಸುದ್ದಿಯ ಮನೆಗೆ ಕಾಲು ಚಾಚುತ್ತದೆ. ಉಪಸಂಪಾದಕರು ಚೀಟಿ ಹಿಡಿದು ಬಂದರೆ ಅಕ್ಕ ತಲೆ ಎತ್ತದೆ, "ಎರಡು ಕಡಿಮೆ ಮಾಡ್ಕೊಂಡು ಬನ್ನಿ," ಅನ್ನುವಳು. ಅಷ್ಟು ಹೊತ್ತಿಗೆ ಅವಳ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಿ ಬಂದಾಗಿರುತ್ತಿತ್ತು. ಅವಳು ಎಣಿಸಿ ಕಳಿಸಿದ ತಲೆಬರಹ ಒಮ್ಮೆಯೂ ವಾಪಸು ಬಂದದ್ದಿಲ್ಲ.

ನಡುವೆ ಎರಡು ವರ್ಷ ಕಿರುಜಾಹೀರಾತಿನ ಕಿಟಕಿಯಲ್ಲೂ ಕೂತಿದ್ದಳು. ಅಲ್ಲಿ ಪದದ ಲೆಕ್ಕ, ಒಂದು ಜಾಹೀರಾತಿಗೆ ಇಪ್ಪತ್ತೇ ಪದ. ಒಬ್ಬ ಮಹಾಶಯ ತನ್ನ ಮನೆ ಬಾಡಿಗೆಗಿದೆ ಅಂತ ಬರೆದುಕೊಂಡು ಬಂದಿದ್ದ. ಪದಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ, ಇಡೀ ಮನೆಯನ್ನು ಏಳು ಪದಕ್ಕೆ ಇಳಿಸಿದ್ದ. ಅಕ್ಕ ಅದನ್ನು ಒಂದೇ ಉಸಿರಿಗೆ ಓದಲು ಹೋಗಿ ಕೆಮ್ಮಿದಳು. "ಸ್ವಾಮಿ, ನಿಮ್ಮ ಮನೆಗೆ ಬಾಗಿಲೂ ಇಲ್ಲ, ಕಿಟಕೀನೂ ಇಲ್ಲ. ಗಾಳಿ ಆಡೋಕಾದರೂ ಜಾಗ ಬಿಡಿ," ಅಂದಳು. ಪದದ ಲೆಕ್ಕವನ್ನು ಅವಳು ನಂಬದಾದದ್ದು ಆವತ್ತಿನಿಂದ. ಪದವನ್ನು ಹೇಗೆ ಬೇಕಾದರೂ ಎಳೆಯಬಹುದು, ಅಕ್ಷರ ಮಾತ್ರ ಜಗ್ಗುವುದಿಲ್ಲ ಅಂತ ಅವಳ ಸಿದ್ಧಾಂತ.

ಮೇಸ್ತ್ರಿ ಅದೇ ಕಚೇರಿಯ ಅಚ್ಚಿನ ಮನೆಯವರು. ಸೀಸದ ಮೊಳೆ ಜೋಡಿಸುವವರಾಗಿ ಸೇರಿ, ಆ ವಿಭಾಗಕ್ಕೇ ಮೇಸ್ತ್ರಿಯಾದವರು. ಮೊಳೆ ಅಂದರೆ ಉಬ್ಬಿದ ಅಕ್ಷರವಿರುವ ಸಣ್ಣ ಸೀಸದ ತುಂಡು. ಅವರದ್ದೂ ಎಣಿಕೆಯ ಕೆಲಸವೇ, ಆದರೆ ಲೆಕ್ಕ ಬೇರೆ. ಅಕ್ಕ ಒಂದು ಅಂದದ್ದು ಅವರ ಕೈಯಲ್ಲಿ ಎರಡೋ ಮೂರೋ ಆಗುತ್ತಿತ್ತು: ಅಕ್ಷರಕ್ಕೊಂದು ಮೊಳೆ, ಕೊಂಬಿಗೊಂದು, ದೀರ್ಘಕ್ಕೊಂದು, ಒತ್ತಿಗೊಂದು. ಒಮ್ಮೆ ತಕಾರದ ಒತ್ತು ಪೆಟ್ಟಿಗೆಯಲ್ಲಿ ಖಾಲಿಯಾಗಿ, ಮೇಸ್ತ್ರಿ ನೇರ ಸಂಪಾದಕರ ಬಾಗಿಲಿಗೆ ಹೋಗಿ, "ಇವತ್ತೊಂದಿನ ಎತ್ತು, ಕತ್ತೆ, ಹತ್ತಿ ಯಾವುದನ್ನೂ ಬರೀಬೇಡಿ ಸಾರ್. ಹಸು, ಕುದುರೆ, ಉಣ್ಣೆ ಎಷ್ಟು ಬೇಕಾದರೂ ಬರೀರಿ," ಅಂದಿದ್ದರಂತೆ. ಮೇಸ್ತ್ರಿ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ ಅಂತ ಕಚೇರಿಯಲ್ಲಿ ಪ್ರತೀತಿ.

ಆ ಮೇಸ್ತ್ರಿಯ ಬಲಗೈಯ ಎರಡು ಬೆರಳು ಬಗ್ಗುವುದಿಲ್ಲ. ಅದಕ್ಕೆ ಕಾರಣ ಅಕ್ಕ. ಕರಪತ್ರ ಅಚ್ಚಾಗುತ್ತಿದ್ದ ಕಾಲ್ತುಳಿ ಯಂತ್ರದ ಪಕ್ಕ ಅವಳು ನಿಂತಿದ್ದಳು. ಹೊರಬರುತ್ತಿದ್ದ ಹಾಳೆಯಲ್ಲಿ ಒಂದು ತಲೆಕೆಳಗಾದ ಅಕ್ಷರ ಕಂಡಿತು. ಯಂತ್ರ ನಿಲ್ಲಿಸಿ ಅನ್ನಬೇಕಿತ್ತು. ಆದರೆ ತಪ್ಪು ಕಂಡ ಕೈ ತಾನಾಗಿ ಮುಂದೆ ಹೋಯಿತು. ಯಂತ್ರದ ಎರಡು ಹಲಗೆಗಳು ಬಾಯಿ ಮುಚ್ಚುವ ಮುನ್ನ ಮೇಸ್ತ್ರಿ ಅವಳ ಮಣಿಕಟ್ಟನ್ನು ಹೊಡೆದು ಆಚೆ ತಳ್ಳಿದರು. ಅವಳ ಕೈ ಹೊರಬಂತು, ಅವರ ಎರಡು ಬೆರಳು ಒಳಗುಳಿದವು. ಆಸ್ಪತ್ರೆಯಲ್ಲಿ ಅವರು ಹೇಳಿದ ಮಾತು ಇಷ್ಟು: "ತಪ್ಪು ಎಲ್ಲಿತ್ತು ಅಕ್ಕಾವ್ರೇ, ಮೂರನೇ ಸಾಲಲ್ಲೇ?"

ಸೀಸ ಹೋಯಿತು, ಕಂಪ್ಯೂಟರ್ ಬಂತು, ಇಬ್ಬರೂ ನಿವೃತ್ತರಾದರು. ಹನ್ನೊಂದು ವರ್ಷ ಮೇಸ್ತ್ರಿ ಯಂತ್ರದ ಮುಖ ನೋಡಲಿಲ್ಲ. ಮಗಳ ಮನೆಯ ವರಾಂಡದಲ್ಲಿ ಕೂತು ಮೊಮ್ಮಗಳ ಪೆನ್ಸಿಲ್ ಕೊರೆದುಕೊಟ್ಟರು. ಆಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಊರಲ್ಲಿ ತೆರೆಯಲಿರುವ ಮುದ್ರಣ ಸಂಗ್ರಹಾಲಯಕ್ಕೆ, ಹಳೆಯ ಕಾಲ್ತುಳಿ ಯಂತ್ರವನ್ನು ಓಡಿಸಿ ಜನರಿಗೆ ತೋರಿಸಬಲ್ಲ ಒಬ್ಬರು ಬೇಕು. ಒಂದೇ ಹುದ್ದೆ. ಅಭ್ಯರ್ಥಿಯನ್ನು ಬಲ್ಲವರು ಬರೆದ ಪರಿಚಯ ಕಡ್ಡಾಯ. ಮೇಸ್ತ್ರಿ ಆ ತುಂಡನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಾಯಿಸಿ ಅಕ್ಕನ ಮನೆಗೆ ಬಂದು, ಮೇಜಿನ ಮೇಲಿಟ್ಟು, ಏನೂ ಹೇಳದೆ ಕೂತರು.

ಅಕ್ಕನ ಮನೆ ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಅವಳೂ, ನರ್ಸಾಗಿ ನಿವೃತ್ತಳಾದ ತಂಗಿಯೂ. ತಂಗಿ ಚೀಟಿ ಓದಿ, "ಬೀಗರ ಹತ್ರ ಕೂಡ ಇಷ್ಟು ಸಂಕೋಚದಲ್ಲಿ ಯಾರೂ ಏನೂ ಕೇಳಲ್ಲ ಮೇಸ್ತ್ರಿ. ಬಾಯಿ ಬಿಟ್ಟು ಹೇಳಿ," ಅಂದಳು.

"ಒಂದ್ಸಲ ಮತ್ತೆ ಆ ಶಬ್ದ ಕೇಳ್ಬೇಕು ಅಂತ," ಅಂದರು ಮೇಸ್ತ್ರಿ.

ಅಕ್ಕ ಮೂರು ದಿನ ಕೂತು ಬರೆದಳು. ಪ್ರಕಟಣೆಯಲ್ಲಿ 'ನೂರೈವತ್ತು ಪದ ಮೀರದಂತೆ' ಅಂತಿತ್ತು. ಜಾಲತಾಣದ ಅರ್ಜಿಯಲ್ಲಿ 'ಗರಿಷ್ಠ 600 ಅಕ್ಷರ' ಅಂತಿತ್ತು. ಎರಡಕ್ಕೂ ಹೊಂದಿಸಿದಳು. ಪದ ನೂರ ನಲವತ್ತಮೂರು. ಬರೆದ ರೀತಿ ಹಳೆಯ ಸಂಪಾದಕೀಯದ್ದು: ಎದುರಾಳಿಯ ಮಾತನ್ನು ಮೊದಲು ತಾನೇ ಆಡಿಬಿಡುವುದು, ಆಮೇಲೆ ಒಂದೊಂದಕ್ಕೂ ಉತ್ತರ ಕೊಡುವುದು. ಹಾಗಾಗಿ ಮೊದಲ ಅರ್ಧದಲ್ಲಿ ಕುಂದುಗಳಿದ್ದವು. ವಯಸ್ಸು ಅರವತ್ತೇಳು. ಓದು ಏಳನೇ ತರಗತಿ. ಬಲಗೈಯ ಎರಡು ಬೆರಳು ಬಗ್ಗುವುದಿಲ್ಲ. ಯಂತ್ರ ಮುಟ್ಟಿ ಹನ್ನೊಂದು ವರ್ಷ. ಮಾತು ಕಡಿಮೆ. ಆಮೇಲೆ 'ಇಷ್ಟೆಲ್ಲ ಇದ್ದರೂ' ಅಂತ ಶುರುವಾಗಿ, ಆ ಬೆರಳು ಯಾಕೆ ಬಗ್ಗುವುದಿಲ್ಲ, ಆ ಬಗ್ಗದ ಬೆರಳಿಟ್ಟುಕೊಂಡೇ ಮತ್ತೆಷ್ಟು ವರ್ಷ ಯಂತ್ರ ಓಡಿಸಿದರು, ಎಷ್ಟು ಜನಕ್ಕೆ ಕೆಲಸ ಕಲಿಸಿದರು ಅನ್ನುವುದೆಲ್ಲ.

ತಂಗಿ ಓದಿ ಒಂದೇ ಮಾತು ಅಂದಿದ್ದಳು: "ಒಳ್ಳೇದನ್ನ ಮೊದಲು ಹೇಳ್ಬಾರದಾ ಅಕ್ಕಾ? ವಾರ್ಡಲ್ಲಿ ನಾವು ರೋಗಿಗೆ ಮೊದಲು ಒಳ್ಳೇ ಸುದ್ದಿ ಹೇಳ್ತಿದ್ವಿ."

"ಇದು ವಾರ್ಡಲ್ಲ. ಕೊನೇಲಿ ಹೇಳಿದ್ದೇ ಮನಸ್ಸಲ್ಲಿ ನಿಲ್ಲೋದು," ಅಂದಿದ್ದಳು ಅಕ್ಕ.

ಈಗ ಕಂಪ್ಯೂಟರ್ ಅಂಗಡಿಯಲ್ಲಿ ಕೊನೆಯ ಚುಕ್ಕೆ ಇಟ್ಟಳು. ಅಂಗಡಿಯವಳು ಆಗಲೇ ಇಡೀ ಬರಹವನ್ನು ಬೆರಳಚ್ಚು ಮಾಡಿ ಮುಗಿಸಿ ಹಾಳೆ ಹಿಂದಿರುಗಿಸಿದ್ದಳು. ಅವಳ ಮೇಜಿನ ಮುಂದೆ ಇನ್ನೂ ನಾಲ್ಕು ಜನ ಸಾಲಿನಲ್ಲಿದ್ದರು.

"ಅಕ್ಕಾ, ಮಿತಿ ಆರುನೂರು ಅಂತ ತೋರಿಸ್ತಿದೆ. ಜಾಸ್ತಿ ಇರೋ ಹಾಗಿದೆಯಲ್ಲಾ?"

ಮೂವತ್ತೊಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ. ಅಕ್ಕ ಎದ್ದು ನಿಂತು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಮೊತ್ತ ಹೇಳಿದಳು.

"ಆರುನೂರಕ್ಕೆ ಹನ್ನೆರಡು ಕಮ್ಮಿ. ಸರಿ ಬಿಡಿ," ಅಂತ ಅಂಗಡಿಯವಳು ಒಪ್ಪಿಕೊಂಡಳು.

ಮೇಸ್ತ್ರಿ ಗಡಿಯಾರದಿಂದ ಕಣ್ಣು ತೆಗೆದರು. ಮೆಲ್ಲಗೆ, "ಅಕ್ಕಾವ್ರೇ, ಅವರು ಕೇಳ್ತಿರೋದು ಯಾವ ಲೆಕ್ಕ? ನಿಮ್ಮ ಲೆಕ್ಕನೋ, ನಮ್ಮ ಲೆಕ್ಕನೋ?" ಅಂದರು.

"ಯಾವ ಲೆಕ್ಕ ಅಂದ್ರೆ? ಅಕ್ಷರ ಅಂದ್ರೆ ಅಕ್ಷರ ಮೇಸ್ತ್ರಿ. ಅವರ ಕಂಪ್ಯೂಟರ್ ಒಳಗೆ ನಿಮ್ಮ ಸೀಸದ ಮೊಳೆ ಇದೆಯೇ?"

ಸಾಲಿನಲ್ಲಿದ್ದವರು ನಕ್ಕರು. ಮೇಸ್ತ್ರಿಯೂ ನಕ್ಕು, ತಲೆ ಅಲ್ಲಾಡಿಸಿ, ಮತ್ತೆ ಗಡಿಯಾರ ನೋಡಿದರು.

ಅಂಗಡಿಯವಳು 'ಕಳುಹಿಸಿ' ಒತ್ತಿದಳು. ಪರದೆಯ ಮೇಲೆ ಧನ್ಯವಾದ ಮೂಡಿತು. ಮುದ್ರಣ ಯಂತ್ರ ಗೊರಗುಟ್ಟಿ ಒಂದು ಸ್ವೀಕೃತಿ ಹಾಳೆಯನ್ನು ಉಗುಳಿತು. ಅದರಲ್ಲಿ ಅರ್ಜಿಯ ಸಂಖ್ಯೆ, ಕೊನೆಯ ದಿನ ಶುಕ್ರವಾರ ಅನ್ನುವ ಸೂಚನೆ, ಕೆಳಗೆ ಜಾಲತಾಣ ದಾಖಲಿಸಿಕೊಂಡ ಪರಿಚಯದ ಪ್ರತಿ. ಅಕ್ಕ ಅದನ್ನು ನಾಲ್ಕಾಗಿ ಮಡಚಿ ಮೇಸ್ತ್ರಿಯ ಜೇಬಿಗೆ ತುರುಕಿ, "ಭದ್ರವಾಗಿಟ್ಕೊಳ್ಳಿ. ಈಗಲೇ ಓದಬೇಡಿ," ಅಂದಳು.

ಅವಳೂ ಓದಲಿಲ್ಲ. ಅಚ್ಚಾದ ಹಾಳೆಯೊಂದು ಓದಿಸಿಕೊಳ್ಳದೆ ಅವಳ ಕೈ ದಾಟಿದ್ದು ಬಹುಶಃ ಅದೇ ಮೊದಲು.

ಕರೆ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಅಕ್ಕ ಫೋನ್ ಮಾಡಿದರೆ ಮೇಸ್ತ್ರಿಯ ಮಗಳು, "ಅಪ್ಪ ಆ ವಿಷಯ ಎತ್ತೋದೇ ಇಲ್ಲ ಅತ್ತೆ," ಅನ್ನುವಳು. ಆಮೇಲೆ ಸಂಗ್ರಹಾಲಯ ತೆರೆದ ಸುದ್ದಿ ಪತ್ರಿಕೆಯಲ್ಲಿ ಬಂತು. ಯಂತ್ರದ ಪಕ್ಕ ನಿಂತು ನಗುತ್ತಿದ್ದವಳು ಚಿತ್ರಕಲಾ ಶಾಲೆಯಲ್ಲಿ ಓದಿದ ಯುವತಿ. ಅಕ್ಕ ಚಿತ್ರದ ಕೆಳಗಿನ ಸಾಲನ್ನು ಎರಡು ಸಲ ಓದಿದಳು, ತಪ್ಪೇನೂ ಸಿಗಲಿಲ್ಲ.

"ಹೋಗಿ ನೋಡ್ಕೊಂಡಾದ್ರೂ ಬನ್ನಿ ಇಬ್ಬರೂ. ಶಬ್ದ ಕೇಳ್ಬೇಕು ಅಂದಿದ್ರಲ್ಲ ಅವರು," ಅಂದಳು ತಂಗಿ.

ಅರ್ಜಿ ಹಾಕಿ ನಾಲ್ಕು ತಿಂಗಳಾದ ಮೇಲೆ, ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಚೀಟಿ ಕೊಂಡು ಒಳಗೆ ಹೋದರು. ಎತ್ತರದ ಕಿಟಕಿಗಳ ಕೋಣೆ. ಮಧ್ಯದಲ್ಲಿ ಯಂತ್ರ, ಹೊಸ ಕಪ್ಪು ಬಣ್ಣ ಹಚ್ಚಿ ಮದುವಣಗಿತ್ತಿಯಂತೆ ಮಾಡಿದ್ದರು. ಯುವತಿ ಕಾಲಿಟ್ಟು ತುಳಿದಳು. ದೊಡ್ಡ ಚಕ್ರ ಮೊದಲು ಸೋಮಾರಿಯಾಗಿ, ಆಮೇಲೆ ಹುರುಪಿನಿಂದ ತಿರುಗಿತು. ಹಲಗೆ ಬಾಯಿ ತೆರೆಯಿತು, ಮುಚ್ಚಿತು. ಮೇಸ್ತ್ರಿ ಕಣ್ಣು ಮುಚ್ಚಿ ನಿಂತರು. ಅವರ ಬಲಗಾಲಿನ ಹಿಮ್ಮಡಿ ನೆಲದ ಮೇಲೆ ಅದೇ ಲಯದಲ್ಲಿ ಏಳುತ್ತಿತ್ತು, ಬೀಳುತ್ತಿತ್ತು.

ಯುವತಿ ಅಚ್ಚಾದ ಹಾಳೆಯೊಂದನ್ನು ನೆನಪಿಗೆಂದು ಅವರ ಕೈಗೆ ಕೊಟ್ಟಳು. ಮೇಸ್ತ್ರಿ ಮುಂಭಾಗ ನೋಡಲೇ ಇಲ್ಲ. ಹಾಳೆ ತಿರುಗಿಸಿ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು.

"ಬೆನ್ನು ಉಬ್ಬಿದೆ ತಾಯಿ. ಹಲಗೆ ಮೇಲೆ ಹಾಸಿದೀಯಲ್ಲ, ಅದರಲ್ಲಿ ಒಂದು ಹಾಳೆ ಜಾಸ್ತಿ. ಮೊಳೆ ಬೇಗ ಸವೆಯುತ್ತೆ."

ಯುವತಿ ಒಂದು ಹಾಳೆ ತೆಗೆದು ಮತ್ತೆ ತುಳಿದಳು. ಈ ಸಲ ಬೆನ್ನು ನುಣುಪಾಗಿತ್ತು, ಅಕ್ಷರ ಇನ್ನೂ ಚೂಪಾಗಿತ್ತು. ಅವಳು ಅರಳಿದ ಕಣ್ಣಿನಿಂದ, "ಬಂದಾಗಿನಿಂದ ಇದು ಯಾಕೆ ಹೀಗೆ ಅಂತ ತಲೆ ಕೆಡಿಸ್ಕೊಂಡಿದ್ದೆ ತಾತಾ!" ಅಂದಳು. ಬಾಗಿಲಲ್ಲಿ ನಿಂತಿದ್ದ ಸಂಗ್ರಹಾಲಯದ ಮೇಲ್ವಿಚಾರಕಿ ಹತ್ತಿರ ಬಂದರು.

"ನೀವು ಈ ಕೆಲಸ ಬಲ್ಲವರು. ಅರ್ಜಿ ಹಾಕಬಾರದಿತ್ತೇ?"

"ಹಾಕಿದ್ದೆ," ಅಂದರು ಮೇಸ್ತ್ರಿ.

ಮೇಲ್ವಿಚಾರಕಿ ಕಚೇರಿಗೆ ಕರೆದು ಕೂರಿಸಿ, ಕಡತ ತೆಗೆದರು. ಒಂದು ಹಾಳೆಯ ಮೇಲೆ ಅವರ ಕೈ ನಿಂತಿತು. "ಓ, ಇದಾ," ಅಂದರು. ಧ್ವನಿ ಸ್ವಲ್ಪ ಇಳಿಯಿತು. "ನನಗೆ ನೆನಪಿದೆ. ಐದು ಜನ ಕೂತು ಓದಿದೆವು. ಬೆರಳು ಬಗ್ಗಲ್ಲ, ಮಾತು ಕಡಿಮೆ, ಯಂತ್ರ ಮುಟ್ಟಿ ಹನ್ನೊಂದು ವರ್ಷ. ಅಷ್ಟೇ ಇತ್ತು. ಯಾರೋ ಆಗದವರು ಬರೆದುಕೊಟ್ಟ ಪರಿಚಯ ಅಂತ ಒಬ್ಬರು ಅಂದರು. ಪಕ್ಕಕ್ಕಿಟ್ಟೆವು."

ಅಕ್ಕ ಕುರ್ಚಿಯ ತುದಿಗೆ ಸರಿದಳು. "ಅಷ್ಟೇ ಇರೋಕೆ ಸಾಧ್ಯವಿಲ್ಲ. ಬರೆದದ್ದು ನಾನು."

ಹಾಳೆ ಅವಳ ಕೈಗೆ ಬಂತು. ಕುಂದುಗಳೆಲ್ಲ ಸಾಲಾಗಿ, ಚೆನ್ನಾಗಿ, ತಪ್ಪಿಲ್ಲದೆ ನಿಂತಿದ್ದವು. 'ಮಾತು ಕಡಿಮೆ' ಆದ ಮೇಲೆ ಒಂದು ಬಿಂದು. ಅದರ ಮುಂದೆ 'ಇಷ್' ಅಂತ ಇತ್ತು. ಆಮೇಲೆ ಬಿಳಿ.

ಅವಳು ಆ 'ಇಷ್' ಅನ್ನೇ ನೋಡಿದಳು. ಕೈ ಜೋಡಿಸುವಾಗ ಒತ್ತು ಬಿದ್ದುಹೋದರೆ ಷೆ ಅನ್ನುವ ಮೊಳೆ ಉಳಿಯುತ್ತದೆ, 'ಇಷೆಲ್ಲ' ಆಗುತ್ತದೆ. ಅಂಥ ತಪ್ಪು ಅವಳು ಸಾವಿರ ತಿದ್ದಿದ್ದಾಳೆ. ಷಕಾರದ ತಲೆಯ ಮೇಲೆ ಅರ್ಧಾಕ್ಷರದ ಕೊಕ್ಕೆ ಹಾಕಿ, ಅಲ್ಲಿಗೇ ಕೈ ತೊಳೆದುಕೊಳ್ಳುವುದು ಯಾವ ಮನುಷ್ಯನ ಕೈಯ ತಪ್ಪೂ ಅಲ್ಲ. ಇದು ಅಕ್ಷರದ ನಡುವೆಯೇ ಕೊಯ್ದದ್ದು.

ಮೇಲ್ವಿಚಾರಕಿ ಜಾಲತಾಣ ನೋಡಿಕೊಳ್ಳುವವನಿಗೆ ಫೋನ್ ಮಾಡಿದರು. ಕೇಳುತ್ತ ಕೇಳುತ್ತ ಅವರ ಮುಖ ಸಪ್ಪಗಾಯಿತು. ಫೋನ್ ಇಟ್ಟು, ಒಂದು ಚೀಟಿ ಎಳೆದುಕೊಂಡರು.

"ಮಿತಿಯ ಲೆಕ್ಕ ನಾವಂದುಕೊಂಡ ಅಕ್ಷರದ್ದಲ್ವಂತೆ. ಕಂಪ್ಯೂಟರ್ ಒಳಗೆ ಒಂದು ಅಕ್ಷರ ಬಿಡಿಬಿಡಿಯಾಗಿ ಕೂತಿರುತ್ತಂತೆ. ಮೂಲ ಅಕ್ಷರ ಒಂದು, ಅದಕ್ಕೆ ಹಚ್ಚಿದ ಸ್ವರದ ಗುರುತು ಒಂದು. ಒತ್ತಿದ್ರೆ, ಆ ಒತ್ತಿನ ವ್ಯಂಜನ ಒಂದು, ಅದನ್ನ ಮೇಲಿನದಕ್ಕೆ ಸೇರಿಸೋ ವಿರಾಮ, ಅಂದ್ರೆ ಅರ್ಧಾಕ್ಷರದ ಕೊಕ್ಕೆಯ ಚಿಹ್ನೆ, ಇನ್ನೊಂದು. ಆ ಚಿಹ್ನೆ ಸೇರಿಸಿ ಮುಗಿಸಿದ ಮೇಲೆ ಕಣ್ಣಿಗೆ ಕಾಣೋದೇ ಇಲ್ಲ, ಆದ್ರೂ ಲೆಕ್ಕಕ್ಕುಂಟು. ಸೊನ್ನೆ ಬೇರೆ, ವಾಕ್ಯದ ಕೊನೆಯ ಬಿಂದು ಬೇರೆ, ಪದದ ನಡುವಿನ ಖಾಲಿ ಜಾಗವೂ ಬೇರೆ. ಅಂಥ ಆರುನೂರು ಆದ ಕೂಡಲೇ ಉಳಿದದ್ದನ್ನ ಕೈಬಿಟ್ಟಿದೆ. ಹೇಳದೆ ಕೇಳದೆ."

ಚೀಟಿಯ ಮೇಲೆ ಅವರು ಒಂದು ಪದ ಬರೆದು ಬಿಡಿಸತೊಡಗಿದರು. ಎದುರಿಗಿದ್ದವರನ್ನೇ ನೋಡಿ ಹೊಳೆದ ಪದ: ಮೇಸ್ತ್ರಿ.

"ಎರಡು," ಅಂದಳು ಅಕ್ಕ, ಅಭ್ಯಾಸಬಲದಿಂದ. "ಮೇ, ಸ್ತ್ರಿ."

"ಎಂಟಂತೆ. ಮಕಾರ, ಏತ್ವ. ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಗುಡಿಸು. ನೋಡಿ, ಎಂಟು."

ಮೇಸ್ತ್ರಿ ಚೀಟಿಯ ಕಡೆ ಬಾಗಿದರು. "ನಮ್ಮಲ್ಲಿ ಐದು ಮೊಳೆ," ಅಂದರು. "ಮೆ, ಅದಕ್ಕೊಂದು ದೀರ್ಘ. ಸಿ, ತ ಒತ್ತು, ರ ಒತ್ತು. ಆ ವಿರಾಮದ್ದು ನಮಗೆ ಬೇಕಾಗ್ತಿರಲಿಲ್ಲ." ಆಮೇಲೆ, ಸಮಾಧಾನ ಹೇಳುವವರಂತೆ ಸೇರಿಸಿದರು: "ನಮ್ಮ ಲೆಕ್ಕವೂ ಸರಿಯಾಗ್ತಿರಲಿಲ್ಲ ಅಕ್ಕಾವ್ರೇ."

ಸರಿಯಾಗುತ್ತಿರಲಿಲ್ಲ, ನಿಜ. ಆದರೆ ಅದು ಆರುನೂರನ್ನು ಎಷ್ಟೋ ದೂರ ಮೀರಿ, ಎಲ್ಲಿಯೋ ಏನೋ ಎಡವಟ್ಟಿದೆ ಅಂತ ಕೂಗಿ ಹೇಳುತ್ತಿತ್ತು. ಅಂಗಡಿಯಲ್ಲಿ ಅವರು ಕೇಳಿದಾಗ ಕಿವಿಗೊಟ್ಟಿದ್ದರೆ ಸಾಕಿತ್ತು.

ಮೇಲ್ವಿಚಾರಕಿ ಬಹಳ ಕ್ಷಮೆ ಕೇಳಿದರು. ಹುದ್ದೆ ಮೂರು ವರ್ಷಕ್ಕೆ ತುಂಬಿಹೋಗಿದೆ, ಆ ಹುಡುಗಿಯನ್ನು ಕಳಿಸಲಾಗದು ಅಂದರು. ಮೇಸ್ತ್ರಿ ಗಾಬರಿಯಾಗಿ, "ಅಯ್ಯೋ, ಅವಳ ಅನ್ನಕ್ಕೆ ಕಲ್ಲು ಹಾಕ್ತೀನಾ? ಚೆನ್ನಾಗಿ ತುಳೀತಾಳೆ," ಅಂದರು.

ಹೊರಗೆ ಬಂದು ಕಲ್ಲುಬೆಂಚಿನ ಮೇಲೆ ಕೂತಾಗ ಅಕ್ಕ ಕೇಳಿದಳು, "ಆ ಸ್ವೀಕೃತಿ ಹಾಳೆ ಏನ್ಮಾಡಿದ್ರಿ?"

ಮೇಸ್ತ್ರಿ ಒಳಜೇಬಿನಿಂದ ತೆಗೆದರು. ಮಡಿಕೆಗಳು ಸವೆದು ಬಟ್ಟೆಯಂತಾಗಿದ್ದವು. ಅದೇ ಕುಂದುಗಳು, ಅದೇ ಬಿಂದು, ಅದೇ 'ಇಷ್'.

"ಓದಿದ್ರಾ?"

"ಅವತ್ತೇ ಓದ್ದೆ. ಬಸ್ಸಲ್ಲಿ."

"ಮತ್ತೆ... ಶುಕ್ರವಾರದವರೆಗೂ ಟೈಮಿತ್ತಲ್ಲ ಮೇಸ್ತ್ರಿ. ಮೂರು ದಿನ ಇತ್ತು. ಒಂದು ಫೋನ್ ಮಾಡ್ಬಾರದಿತ್ತಾ?"

ಮೇಸ್ತ್ರಿ ಹಾಳೆಯನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಮಡಚಿದರು. "ಏನಂತ ಮಾಡಲಿ? 'ಇಷ್ಟೇ' ಅಂತ ಮುಗಿಸಿದ್ದೀರಿ, ಕೊನೇ ಅಕ್ಷರ ಎಲ್ಲೋ ಬಿದ್ದೋಗಿದೆ ಅಂದ್ಕೊಂಡೆ. ಇದ್ದದ್ದೆಲ್ಲ ನಿಜಾನೇ ಅಲ್ವಾ? ಸುಳ್ಳು ಏನೂ ಇರಲಿಲ್ಲ. ಹೊಗಳಿದ್ದೀನಿ ಅಂದಿದ್ರಿ... ಹೊಗಳೋಕೆ ಏನೂ ಸಿಕ್ಕಿಲ್ಲವೇನೋ ಪಾಪ, ಅಂತ."

"ನಾಲ್ಕು ತಿಂಗಳು ಹಾಗೇ ಅಂದ್ಕೊಂಡಿದ್ರಾ?"

"ಅದರಲ್ಲೇನಿದೆ. ಮೂವತ್ತು ವರ್ಷದಲ್ಲಿ ನೀವು ತಪ್ಪು ಮಾಡಿದ್ದು ನೋಡಿಲ್ಲ. ನಿಮ್ಮ ಕಾಗದದಲ್ಲಿ ಒಂದಕ್ಷರ ಬಿದ್ದಿದೆ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅದೂ ಅವತ್ತು ಅಂಗಡೀಲಿ ಲೆಕ್ಕದ ಮಾತು ಒಂದ್ಸಲ ಕೇಳಿ ಆಗಿತ್ತು."

ಅವರು ಅದನ್ನು ಆಕ್ಷೇಪಣೆಯಾಗಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ಅಕ್ಕನಿಗೆ ಉತ್ತರ ಕೊಡಲಿಕ್ಕಾದರೂ ಆಗುತ್ತಿತ್ತು.

ಮನೆಗೆ ಬಂದವಳೇ ಅಕ್ಕ ಚುಕ್ಕೆ ಇಟ್ಟ ಮೂಲ ಹಾಳೆ ತೆಗೆದು ಕೂತಳು. ಈಗ ಯಂತ್ರದ ಲೆಕ್ಕ. ತಂಗಿ ಎದುರು ಕೂತು ನೂರಕ್ಕೊಂದು ಬೆಂಕಿಕಡ್ಡಿ ಇಟ್ಟಳು. ಕೊಂಬು, ಗುಡಿಸು, ದೀರ್ಘ. ಎಪ್ಪತ್ತೈದು ಒತ್ತು, ಅವುಗಳ ಜೊತೆ ಎಪ್ಪತ್ತೈದು ಕಾಣದ ವಿರಾಮ. ನೂರ ನಲವತ್ತಮೂರು ಪದದ ನಡುವೆ ನೂರ ನಲವತ್ತೆರಡು ಖಾಲಿ ಜಾಗ. ಜೀವಮಾನದಲ್ಲಿ ಮೊದಲ ಸಲ ಅವಳು ಏನೂ ಇಲ್ಲದ್ದನ್ನೂ ಎಣಿಸಿದಳು. ಆರನೇ ಕಡ್ಡಿ ಇಡುವಾಗ ಪೆನ್ಸಿಲ್ ನಿಂತ ಜಾಗ ನೋಡಿದಳು. ಐನೂರ ತೊಂಬತ್ತೆಂಟು ಇ. ಐನೂರ ತೊಂಬತ್ತೊಂಬತ್ತು ಷ. ಆರುನೂರು, ಆ ವಿರಾಮ. ಕತ್ತಿ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಯಂತ್ರ ತನ್ನ ಲೆಕ್ಕದಲ್ಲಿ ಅವಳಷ್ಟೇ ನಿಷ್ಠುರವಾಗಿತ್ತು. ಪೂರ್ತಿ ಎಣಿಸಿದಾಗ ಸಾವಿರದ ಇನ್ನೂರ ನಲವತ್ತೊಂದು.

ಆರುನೂರರ ಒಳಗೆ ಹಿಡಿದದ್ದು ಅವಳ ಲೆಕ್ಕದ ಇನ್ನೂರ ಎಂಬತ್ತನಾಲ್ಕು ಅಕ್ಷರ. ಅಷ್ಟರಲ್ಲಿ ಏನು ಬೇಕಾದರೂ ಹೇಳಬಹುದಿತ್ತು. ಹದಿನೇಳು ಅಕ್ಷರದ ತಲೆಬರಹದಲ್ಲಿ ಒಂದು ಪ್ರವಾಹವನ್ನೇ ಹಿಡಿಸಿದವಳು ಅವಳು. ಅಥವಾ ತಂಗಿ ಹೇಳಿದಂತೆ ಒಳ್ಳೆಯದನ್ನು ಮೊದಲು ಬರೆದಿದ್ದರೂ, ಯಂತ್ರ ಕುಂದುಗಳನ್ನಷ್ಟೇ ಕೊಯ್ಯುತ್ತಿತ್ತು.

ತಂಗಿ ಬೆಂಕಿಕಡ್ಡಿಗಳನ್ನು ಪೆಟ್ಟಿಗೆಗೆ ತುಂಬುತ್ತ, "ಹೇಳಿದ್ನಲ್ಲ ಅಂತ ಅನ್ನಲ್ಲ ಬಿಡು," ಅಂದಳು.

"ಅಂದುಬಿಡೇ. ಹಗುರ ಆಗುತ್ತೆ."

"ಅನ್ನಲ್ಲ. ಯಾರ ತಪ್ಪು ಅಂತ ನಾಳೆ ಹುಡುಕು. ಮೊದಲು ಆ ಹಾಳೆ ತಗೊಂಡು ಹೋಗಿ ಅವರಿಗೆ ಓದಿ ಹೇಳು. ದೀಪದ ಬುಡದಲ್ಲಿ ಕತ್ತಲಾದರೂ ಎಷ್ಟು ದಿನ ಇರಬೇಕು?"

ಮರುದಿನ ಬೆಳಿಗ್ಗೆ ಅಕ್ಕ ಎರಡು ಬಸ್ಸು ಬದಲಾಯಿಸಿ ಮೇಸ್ತ್ರಿಯ ಮಗಳ ಮನೆಗೆ ಹೋದಳು. ಮೇಸ್ತ್ರಿ ವರಾಂಡದಲ್ಲಿ ಪೆನ್ಸಿಲ್ ಕೊರೆಯುತ್ತಿದ್ದರು. ಅವಳು ಕುರ್ಚಿ ಎಳೆದುಕೊಂಡು, ಪೀಠಿಕೆ ಇಲ್ಲದೆ, 'ಇಷ್ಟೆಲ್ಲ ಇದ್ದರೂ' ಎಂಬಲ್ಲಿಂದ ಓದಿದಳು. ಎರಡು ಬೆರಳು ಹೋದದ್ದು ಸಹೋದ್ಯೋಗಿಯೊಬ್ಬಳ ಇಡೀ ಕೈ ಉಳಿಸಲು. ಅದರ ಮೇಲೆ ಹದಿನಾಲ್ಕು ವರ್ಷ ಅದೇ ಯಂತ್ರವನ್ನು ಒಂದು ಹಾಳೆಯೂ ಕೆಡದಂತೆ ಓಡಿಸಿದರು. ಬೆನ್ನು ಸವರಿ ಅಚ್ಚಿನ ದೋಷ ಹೇಳಬಲ್ಲರು. ಹತ್ತೊಂಬತ್ತು ಜನಕ್ಕೆ ಕೆಲಸ ಕಲಿಸಿದರು, ಒಬ್ಬರಿಗೂ ಗದರಲಿಲ್ಲ. ಮಾತು ಕಡಿಮೆ, ಆದರೆ ಇವರು ಯಂತ್ರದ ಮುಂದೆ ನಿಂತರೆ ವಿವರಿಸಲು ಬೇರೆ ಮಾತು ಬೇಕಾಗುವುದಿಲ್ಲ.

ಮೇಸ್ತ್ರಿ ಕೊರೆಯುವುದನ್ನು ನಿಲ್ಲಿಸಿದ್ದರು. ಮುಗಿದ ಮೇಲೆ ಪೆನ್ಸಿಲ್ಲಿನ ಚೂಪು ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಒಂದು ತಪ್ಪಿದೆ," ಅಂದರು.

ಅಕ್ಕ ತಟ್ಟನೆ ಹಾಳೆ ನೋಡಿದಳು. "ಎಲ್ಲಿ?"

"ಹತ್ತೊಂಬತ್ತಲ್ಲ, ಇಪ್ಪತ್ತು. ನಿಮ್ಮನ್ನ ಬಿಟ್ಟಿದ್ದೀರಿ. ಮೊಳೆ ತಲೆಕೆಳಗು ಓದೋದು ನಿಮಗೆ ಕಲಿಸಿದ್ದು ಯಾರು?"

ಅಕ್ಕ ಚೀಲದಿಂದ ಪೆನ್ಸಿಲ್ ತೆಗೆದು 'ಹತ್ತೊಂಬತ್ತು' ಹೊಡೆದುಹಾಕಿ, ಮೇಲೆ 'ಇಪ್ಪತ್ತು' ಅಂತ ಬರೆದು, ಅಂಚಿನಲ್ಲಿ ತಿದ್ದುಪಡಿಯ ಗುರುತು ಹಾಕಿದಳು. ಇನ್ನು ಯಾರಿಗೂ ಕಳಿಸಬೇಕಿಲ್ಲದ ಹಾಳೆಯನ್ನು ಅವರ ಕೈಗಿತ್ತಳು. ಅವರು ಬಗ್ಗದ ಬೆರಳುಗಳ ನಡುವೆ ಅದನ್ನು ಹಿಡಿದು, ಚುಕ್ಕೆಗಳನ್ನು, ಅಡ್ಡಗೆರೆಗಳನ್ನು, ಐದು ಸುತ್ತುಗಳನ್ನು ನೋಡಿದರು.

"ಅವತ್ತು ಅಂಗಡೀಲಿ ಎಷ್ಟು ಅಂದ್ರಿ ಅಕ್ಕಾವ್ರೇ? ಅಷ್ಟು ಜನದ ಮುಂದೆ ಎದ್ದು ನಿಂತು ಅಂದ್ರಲ್ಲ. ನನ್ನ ಬಗ್ಗೆ ಒಬ್ಬರು ಅಷ್ಟು ಬರೆದಿದ್ದಾರಲ್ಲ ಅಂತ ಅವತ್ತು ಬಸ್ ಹತ್ತೋವರೆಗೂ ಎಷ್ಟು ಖುಷಿಯಾಗಿತ್ತು ಗೊತ್ತಾ?"

ವರಾಂಡದ ಆಚೆ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಆವತ್ತು ಹೆಮ್ಮೆಯಿಂದ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದ್ದ ಆ ಮೊತ್ತ ಅವಳ ಲೆಕ್ಕದಲ್ಲಿ ಇವತ್ತಿಗೂ ಸರಿಯಾಗಿಯೇ ಇತ್ತು: ಐನೂರ ಎಂಬತ್ತೆಂಟು.